ಅಪ್ಪನ ದನಿ ಕರೆ ಮಾಡಿತ್ತು

ಗಂಟಲಿನ ಕ್ಯಾನ್ಸರಿಗೆ ಅಪ್ಪನ ಧ್ವನಿಪೆಟ್ಟಿಗೆ ತೆಗೆದು ಎಂಟು ತಿಂಗಳಾಗಿತ್ತು. ಆದರೂ ಅವರ ಖಾತೆಯಿಂದ ಹೋದ ಹಣದ ಬಗ್ಗೆ ಕೇಳಿದರೆ, ಹೊಸೂರಿನ ಬ್ಯಾಂಕಿನ ಅಧಿಕಾರಿ ನಂದಿತಾ ಕಂಪ್ಯೂಟರ್ ನೋಡಿ, "ಸೋಮವಾರ ಅವರೇ ಫೋನ್ ಮಾಡಿ ಹಣ ಕಳಿಸಿದ್ದಾರೆ. ದನಿ ತಾಳೆಯಾಗಿದೆ," ಎಂದರು.

"ಮಾತೇ ಬಾರದೋರು ಹೆಂಗೆ ಮಾಡ್ತಾರೆ ಮೇಡಂ?" ಎಂದು ನಾನು ರೇಗಿದೆ. ಪಕ್ಕದಲ್ಲಿದ್ದ ಅಪ್ಪ ಕತ್ತಿಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡರು.

ನಂದಿತಾ ಆ ಕರೆಯ ರೆಕಾರ್ಡಿಂಗ್ ಹಾಕಿದರು.

"ನನ್ನ ದನಿಯೇ ನನ್ನ ಸಹಿ."

ಅಪ್ಪನದೇ ದನಿ. ಹಿಂದೆ ನಮ್ಮನೆ ಕೋಳಿಯೂ ಕೂಗಿತು. ನನಗೆ ಎಲ್ಲಾ ತಿಳಿಯಿತು. ನಮ್ಮ ತಳಿ ಊರಿನ ಗುಲಾಬಿ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಅಪ್ಪ ದಿನಾ ಹೂವಿನ ದರವನ್ನು ದನಿ ರೆಕಾರ್ಡ್ ಮಾಡಿ ಹಾಕುತ್ತಿದ್ದರು. ಓದುಬರಹ ಬಾರದವರಿಗಾಗಿ, ಬ್ಯಾಂಕಿಗೆ ಫೋನ್ ಮಾಡಿದಾಗ ಗುರುತಿಗಾಗಿ ಹೇಳುವ ಆ ಮಾತನ್ನೂ ಒಮ್ಮೆ ಹೇಳಿಕೊಟ್ಟು, "ಹಿಂಗನ್ರಪ್ಪಾ, ಸಾಕು," ಎಂದಿದ್ದರು. ಆಪರೇಷನ್ ಆದಮೇಲೆ ಗುಂಪು ಬಿಟ್ಟು, ತಮ್ಮ ಫೋನಿನಿಂದ ಆ ದನಿಯನ್ನೆಲ್ಲ ಅಳಿಸಿಹಾಕಿದ್ದರು. ಉಳಿದ ಇನ್ನೂರು ಫೋನುಗಳಲ್ಲಿ ಆ ದನಿ ಹಾಗೇ ಇತ್ತು.

"ಹೇಳೋ ಮಾತು ಯಾವಾಗಲೂ ಒಂದೇ. ಬಾಯಿಂದ ಬಂತಾ, ಇನ್ನೊಂದು ಫೋನಿಂದ ಬಂತಾ ಅಂತ ನಮ್ಮಲ್ಲಿ ನೋಡಲ್ಲ. ಜೊತೆಗೆ ಪಿನ್ ಆದರೂ ಕೇಳಬೇಕಿತ್ತು," ಎಂದು ನಂದಿತಾ ತಲೆ ತಗ್ಗಿಸಿ, ದನಿಯ ಗುರುತು ರದ್ದುಮಾಡುವ ಅರ್ಜಿಯನ್ನು ಅಪ್ಪನ ಮುಂದಿಟ್ಟರು.

ಅಪ್ಪ ಸಹಿ ಹಾಕಿದರು. ದೂರು ಬರೆಯಲು ನಾನು ಪೆನ್ನು ಕೇಳಿದರೆ ಕೊಡಲಿಲ್ಲ. ಒಂದು ಚೀಟಿಯಲ್ಲಿ ಏನೋ ಬರೆದು ನಂದಿತಾರತ್ತ ತಳ್ಳಿದರು.

"ಆ ದನಿ ಇನ್ನೊಂದ್ಸಲ ಹಾಕಮ್ಮ."