ನಲವತ್ತೊಂದು ದಿನ

ಪೂರಿಗಾಲಿ ಶಾಲೆಯ ಶೌಚಾಲಯದ ಫೈಲು ಮಂಜೂರಾಗಲು ನೂರ ಹನ್ನೆರಡು ದಿನ ಹಿಡಿದಿತ್ತು. "ಯಾರ್ ಯಾರು ಇದರ ಮೇಲೆ ಎಷ್ಟು ದಿನ ಕೂತಿದ್ರು ಅಂತ ಬರೆದು ಗೋಡೆಗೇ ಅಂಟಿಸ್ತೀನಿ" ಎಂದು ಮಂಡ್ಯ ಕಚೇರಿಯ ಎಂಜಿನಿಯರ್ ಶುಭಾ ದೊಡ್ಡ ಹಾಳೆ ಹರಡಿದಳು. ಫೈಲು ಹಾದುಬಂದ ಆರು ಮೇಜಿಗೂ ಒಂದೊಂದು ಚೌಕ, ಪ್ರತಿ ಚೌಕದ ಮುಂದೆ ಫೈಲು ಅಲ್ಲಿ ಕಾದ ದಿನಗಳಿಗೊಂದು ತ್ರಿಕೋನ ಬರೆದಳು. ರಿಜಿಸ್ಟರಿನ ತಾರೀಖು ನೋಡಿ ದಿನಗಳನ್ನು ತುಂಬಿದಳು. ಎಲ್ಲರೂ ಸೇರಿ ಕೆಲಸ ಮಾಡಿದ್ದು ನಾಲ್ಕೇ ಗಂಟೆ. ಉಳಿದದ್ದೆಲ್ಲ ಫೈಲು ಸುಮ್ಮನೆ ಬಿದ್ದಿದ್ದ ಕಾಲ.

ಅತಿ ದೊಡ್ಡ ತ್ರಿಕೋನ ನಲವತ್ತೊಂದು ದಿನದ್ದು. ಅದು ಅವಳ ಮೇಜಿನ ಮುಂದೆಯೇ ಇತ್ತು. ಒಂದೊಂದನ್ನೇ ನೋಡುತ್ತ ಕೂತರೆ ತಡವಾಗುತ್ತದೆಂದು ಅವಳು ಇಪ್ಪತ್ತು ಎಸ್ಟಿಮೇಟು ಸೇರಿದ ಮೇಲೆಯೇ ಪರಿಶೀಲನೆಗೆ ಕೂರುತ್ತಿದ್ದಳು. ಪೂರಿಗಾಲಿಯದಕ್ಕೆ ಬೇಕಾಗಿದ್ದು ನಲವತ್ತು ನಿಮಿಷ.

ಮಂಜೂರಾತಿ ಪತ್ರ ಒಯ್ಯಲು ಶಾಲಾ ಸಮಿತಿಯ ಸುಲ್ತಾನ್ ಬೀ ಬಂದರು.

"ನಮ್ ಮಗ್ಳು ಅಕ್ಸಾ ಸ್ಕೂಲ್ ಬುಟ್ಟು ತಿಂಗ್ಳಾಯ್ತು ಕಣಮ್ಮ. ದೊಡ್ಡೋಳಾದ್ಲು, ಬಯಲಿಗೆ ಓಗಕ್ಕೆ ನಾಚ್ಕೆ. ಇಷ್ಟ್ ದಿನ ಎಲ್ಲಿತ್ತು ಇದು?"

ಶುಭಾ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದಳು.

"ತಾಂತ್ರಿಕ ಪರಿಶೀಲನೆಲಿತ್ತಮ್ಮ" ಎಂದಳು.

"ಪಾಪ, ಅಷ್ಟ್ ದಿನ ನೋಡವ್ರೆ" ಎಂದು ಸುಲ್ತಾನ್ ಬೀ ಕೈ ಮುಗಿದರು.