ಎಂಟು ಬೋಟಿನ ಟೆಂಡರು

ಮೀನುಗಾರಿಕೆ ಇಲಾಖೆಯ ಲಕೋಟೆ ಬಂದ ದಿನ ಕೃಷ್ಣಾನಂದ ಉಳಿಯನ್ನು ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲಿಲ್ಲ. ಶರಾವತಿಯ ದಡದಲ್ಲಿ, ಹೊನ್ನಾವರದ ಬಂದರಿನಿಂದ ಸ್ವಲ್ಪ ಆಚೆ, ಅವರ ದೋಣಿ ಕಟ್ಟುವ ಚಪ್ಪರ. ಒಳಗೆ ಯಾರದೋ ಹಳೆಯ ಹಾಯಿದೋಣಿ, ಸರಕು ಹೊರುವ ಮಚವೆಯೊಂದು, ಪಕ್ಕೆಯ ಹಲಗೆ ಕಳಚಿಕೊಂಡು ಮಲಗಿತ್ತು. ಅದರ ನೆರಳಲ್ಲೇ ಕುಳಿತು ಅವನು ಕಾಗದವನ್ನು ಎರಡು ಸಲ ಓದಿದ. ಆಮೇಲೆ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ನಮ್ಮನ್ನು ಕರ್ದಿದ್ರು" ಎಂದ.

ಸರೋಜಾ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಅವಳ ಗಂಡ ನಾರಾಯಣ ಮೇಸ್ತ ತೀರಿಕೊಂಡ ಮೇಲೆ ಚಪ್ಪರದ ಅರ್ಧ ಪಾಲು ಅವಳ ಹೆಸರಿಗೆ ಬಂದಿತ್ತು. ಉಳಿದರ್ಧ ಮೈದುನ ಕೃಷ್ಣಾನಂದನದು. ಇಲಾಖೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ಟೆಂಡರಿಗೆ ಇಬ್ಬರ ಸಹಿಯೂ ಬೇಕು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳೆಂದು ಕಾಗದಪತ್ರ ನೋಡುವ ಕೆಲಸ ನಾರಾಯಣ ಇದ್ದಾಗಲೇ ಅವಳ ಪಾಲಿಗೆ ಬಿದ್ದಿತ್ತು.

ಕುಮಟೆ ಕಡೆಯ ಮೀನುಗಾರರ ಸಂಘಕ್ಕೆ ಇಲಾಖೆ ಎಂಟು ಮಶಿನ್ ಬೋಟು ಕಟ್ಟಿಸಿಕೊಡಲಿದೆ. ಎಂಜಿನ್ನು ಇಲಾಖೆಯದು, ಮರ, ಕಬ್ಬಿಣ, ಕೆಲಸ, ಎಂಜಿನ್ನು ಕೂರಿಸುವುದು ಎಲ್ಲ ಕಟ್ಟುವವರದು. ಮುಂದಿನ ಮಳೆಗಾಲದೊಳಗೆ ಎಂಟೂ ನೀರಿಗಿಳಿದು ಪರೀಕ್ಷೆಯಾಗಿರಬೇಕು. ತಡವಾದರೆ ವಾರವಾರಕ್ಕೆ ದಂಡ. ಟೆಂಡರಿನ ಜೊತೆ ಠೇವಣಿ ಇಡಬೇಕು. ಇದೇ ಬಗೆಯ ಬೋಟುಗಳನ್ನು ಕನಿಷ್ಠ ನಾಲ್ಕಾದರೂ ಕಟ್ಟಿಕೊಟ್ಟಿದ್ದಕ್ಕೆ ಅವುಗಳ ಮಾಲೀಕರಿಂದ ಪ್ರಮಾಣಪತ್ರ ಲಗತ್ತಿಸಬೇಕು.

"ನಾವು ಕಟ್ಟಿದ್ದು ಒಂದೇ ಅಲ್ಲವ?" ಎಂದಳು ಸರೋಜಾ.

"ಬಾಡ ಊರಿನ ಈರನ ಬೋಟು ಒಂದು. ಮತ್ತೆ ಮೂರು ಮಚವೆ ಉಂಟಲ್ಲ, ಅದಕ್ಕೆ ಆಮೇಲೆ ಅವರೇ ಎಂಜಿನ್ನು ಹಾಕ್ಸಿಕೊಂಡ್ರು. ಕಟ್ಟಿದ್ದು ನಾವೇ ಅಲ್ದ?"

"ಎಂಜಿನ್ನು ಕೂರಿಸಿದ್ದು ನಾವಲ್ಲ."

"ಅದನ್ನು ಯಾರು ಕೇಳ್ತ್ರು ಅತ್ತಿಗೆ?"

ಕೃಷ್ಣಾನಂದ ಸುಳ್ಳುಗಾರನಲ್ಲ. ಅವನಿಗೆ ಮೂವತ್ತು ದಾಟಿತ್ತು, ಕೈ ಒಳ್ಳೆಯದಿತ್ತು. ಹಾಯಿಯ ಕಾಲ ಮುಗಿಯುತ್ತಿದೆ ಎಂಬುದು ಅವನಿಗೆ ಬೇರೆಯವರಿಗಿಂತ ಮೊದಲೇ ಕಂಡಿತ್ತು. ಮುಂಬಯಿಗೆ ಹಂಚು ಹೊತ್ತು ಹೋಗುವ ಮಚವೆಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಹೊಸದು ಕಟ್ಟಿಸುವವರು ಬರದೆ ಚಪ್ಪರ ರಿಪೇರಿಯ ಮೇಲೆ ನಿಂತಿತ್ತು.

"ಮಾಡದೆ ಇದ್ರೆ ಅನುಭವ ಎಲ್ಲಿಂದ ಬತ್ತದೆ?" ಎಂದು ಅವನು ಕೇಳಿದ. "ಅನುಭವ ಇಲ್ಲ ಹೇಳಿ ಕೆಲಸ ಕೊಡೂದಿಲ್ಲ, ಕೆಲಸ ಇಲ್ಲದೆ ಅನುಭವ ಆಗೂದಿಲ್ಲ. ಯಾರಾದ್ರೂ ಒಂದು ಸಲ ಹಾರಲೇಬೇಕಲ್ಲ."

ಸರೋಜಾ ಲಕೋಟೆಯಲ್ಲಿ ಬಂದಿದ್ದ ಬೋಟಿನ ನಕ್ಷೆಯನ್ನು ಚಾಪೆಯ ಮೇಲೆ ಬಿಡಿಸಿ ಬಹಳ ಹೊತ್ತು ನೋಡಿದಳು. ಚಪ್ಪರದಲ್ಲಿ ಇಂಥ ಬೋಟು ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಣಗಿದ ಮರ ಒಂದು ಬೋಟಿಗೂ ಸಾಲುವಷ್ಟಿಲ್ಲ. ಹಸಿ ಮರದಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಹಲಗೆ ಬಾಯಿ ಬಿಡುತ್ತದೆ. ಮರ ಕೊಯ್ಯುವುದು ಇನ್ನೂ ಕೈಗರಗಸದಲ್ಲೇ. ಗಟ್ಟಿ ಕೆಲಸದವರು ನಾಲ್ವರು, ಅವರಲ್ಲಿ ಒಬ್ಬನಿಗೆ ಕಣ್ಣು ಮಂದ.

"ಪ್ರಮಾಣಪತ್ರಕ್ಕೆ ಈರನ ಹತ್ರ ಹೋಗ್ವ" ಎಂದಳು. "ಉಳಿದದ್ದು ಆಮೇಲೆ."

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಕುಮಟೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೃಷ್ಣಾನಂದ ಕೆಲಸದವರನ್ನು ಎಲ್ಲಿಂದ ತರುವುದು, ಚಪ್ಪರವನ್ನು ಹೊಳೆಯ ಕಡೆ ಎಷ್ಟು ಚಾಚುವುದು ಎಂದು ಹೇಳುತ್ತಲೇ ಇದ್ದ. ಅವನು ಇಷ್ಟು ಮಾತಾಡಿದ್ದನ್ನು ಸರೋಜಾ ಎರಡು ವರ್ಷದಿಂದ ಕಂಡಿರಲಿಲ್ಲ. ನಡುವೆ ಬಾಯಿ ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

ಬಾಡದ ಕಡಲ ದಂಡೆಯಲ್ಲಿ ಈರ ಬಲೆ ಸರಿಮಾಡುತ್ತಿದ್ದ. ಇವರನ್ನು ಕಂಡವನೇ ಎದ್ದು, ಹೆಂಡತಿ ಸೋಮಿಯನ್ನು ಕೂಗಿ ಎಳನೀರು ತರಿಸಿದ. ವಿಷಯ ಕೇಳಿದ್ದೇ, "ಅದಕ್ಕೆ ಇಷ್ಟು ದೂರ ಬರಬೇಕಾಗಿತ್ತ? ನಾರಾಯಣ ಮೇಸ್ತ್ರ ಕೈಯ ಬೋಟು ಹೇಳಿ ಎಲ್ಲಿ ಬೇಕಾದ್ರೂ ಹೇಳ್ತೆ. ಶಾಯಿ ಉಂಟ?" ಎಂದು ಹೆಬ್ಬೆರಳು ಮುಂದೆ ಚಾಚಿದ.

ಕೃಷ್ಣಾನಂದ ಚೀಲದಿಂದ ಶಾಯಿಯ ಡಬ್ಬಿ ತೆಗೆದ. ಬರೆದುಕೊಂಡು ಬಂದ ಪ್ರಮಾಣಪತ್ರದಲ್ಲಿ, ಬೋಟು ಮೂರು ವರ್ಷದಿಂದ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದೆ ಎಂದಿತ್ತು.

"ಮೊದಲು ಬೋಟು ಒಮ್ಮೆ ನೋಡ್ವ" ಎಂದಳು ಸರೋಜಾ.

ಬೋಟು ದಡಕ್ಕೆ ಹತ್ತಿರವೇ ಲಂಗರು ಹಾಕಿತ್ತು. ಹಿಂಭಾಗದಲ್ಲಿ ಒಬ್ಬ ಆಳು ಡಬ್ಬಿಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಅವರು ನೋಡುತ್ತ ನಿಂತಷ್ಟು ಹೊತ್ತೂ ಅವನು ಮೊಗೆಯುವುದು ನಿಲ್ಲಿಸಲಿಲ್ಲ.

"ಅದು ಎಂತ?"

"ಅದು ಹಾಗೇ" ಎಂದ ಈರ, ನಾಚಿದವನ ಹಾಗೆ. "ನೀರು ತಳ್ಳೂ ಫ್ಯಾನಿನ ಶಾಫ್ಟು ಹೊರಗೆ ಹೋಗ್ತದಲ್ಲ, ಅಲ್ಲಿ ನೀರು ಬತ್ತದೆ. ಹಗ್ಗ ತುಂಬಿದ್ರೆ ಸ್ವಲ್ಪ ದಿನ ತಡೀತದೆ, ಮತ್ತೆ ತಿಂದು ಹೋಗ್ತದೆ."

ಸೋಮಿ ಸುಮ್ಮನಿರಲಿಲ್ಲ. "ಸ್ವಲ್ಪ ದಿನ ಎಂತ, ಒಂದು ವಾರ. ನೀರು ಮೊಗೂಕೆ ಹೇಳೇ ಒಬ್ಬನಿಗೆ ಮೀನಿನ ಪಾಲು ಕೊಡೂದು ನಾವು. ಹೋದ ವರ್ಷ ಗಾಳಿಗೆ ಸಿಕ್ಕಿ, ಎಂಜಿನ್ನಿಗೆ ನೀರು ಹೊಕ್ಕಿ, ಇವ್ರು ಇಡೀ ರಾತ್ರಿ ಬರಲೇ ಇಲ್ಲ."

"ನೀ ಸುಮ್ನಿರು" ಎಂದ ಈರ. "ಮೇಸ್ತ್ರು ಮಳೆ ಮುಗಿದ ಮೇಲೆ ಎಳೆದು ಸಮ ಮಾಡ್ತೆ ಹೇಳಿದ್ರು. ಅವ್ರೇ ಹೋಗ್ಬಿಟ್ರು. ಅದಕ್ಕೆ ಯಾರು ಎಂತ ಮಾಡೂಕಾಗ್ತದೆ? ತನ್ನಿ ಕಾಗದ."

ಎಂಜಿನ್ನು ಕೂರುವ ಮರವೂ ಶಾಫ್ಟು ಹೋಗುವ ತೂತೂ ಒಂದೇ ನೇರದಲ್ಲಿಲ್ಲ. ಸರೋಜಾಳಿಗೆ ಅದು ಗೊತ್ತಿತ್ತು, ಕೃಷ್ಣಾನಂದನಿಗೂ ಗೊತ್ತಿತ್ತು. ಎಂಜಿನ್ನು ಕೂರಿಸಲು ಮಂಗಳೂರಿನಿಂದ ಬಂದ ಮೆಕ್ಯಾನಿಕ್ಕು, ಇದ್ದ ಮರಕ್ಕೇ ಹೇಗೋ ಹೊಂದಿಸಿ ಬಸ್ಸು ಹತ್ತಿದ್ದ. ಬೋಟು ನೀರಿಗಿಳಿದ ದಿನವೇ ನಾರಾಯಣ ಅದರ ಸದ್ದು ಕೇಳಿ ಮುಖ ಸಣ್ಣದು ಮಾಡಿಕೊಂಡಿದ್ದ. ಆದರೆ ಹೀಗೆ ನೀರು ಮೊಗೆಯಲೆಂದೇ ಒಬ್ಬನಿದ್ದಾನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈರ ಒಂದು ದಿನವೂ ದೂರು ಹೇಳಿ ಬಂದಿರಲಿಲ್ಲ.

ಸರೋಜಾ ಶಾಯಿಯ ಡಬ್ಬಿಯ ಮುಚ್ಚಳ ಹಾಕಿದಳು. "ಈಗ ಬೇಡ ಈರ. ಬೋಟು ಸಮ ಆದ ಮೇಲೆ ಕೇಳ್ತೆ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೃಷ್ಣಾನಂದ ಕಿಟಕಿಯ ಹೊರಗೇ ನೋಡುತ್ತಿದ್ದ. ಹೊನ್ನಾವರದಲ್ಲಿ ಇಳಿದ ಮೇಲೆ, "ಹಾಗಾದ್ರೆ ಉತ್ತರ ಕೊಡೂದೇ ಬೇಡ. ಬಿಟ್ಬಿಡುವ" ಎಂದ.

"ಸುಮ್ಮನಿದ್ರೆ ಪಟ್ಟಿಯಿಂದ ಹೆಸರು ತೆಗೀತ್ರು. ಮುಂದೆ ಒಂದು ಹಲಗೆ ಹೊಡೆಯೂಕೂ ಕರೆಯೂದಿಲ್ಲ. ಆಗೂದಿಲ್ಲ ಹೇಳಿ ಬರೀಬೇಕು, ಯಾಕೆ ಹೇಳಿಯೂ ಬರೀಬೇಕು."

ಅವಳು ಅಂದು ಸಂಜೆಯೇ ಬರೆದಳು. ತಮ್ಮನ್ನು ಕರೆದುದಕ್ಕೆ ಉಪಕಾರ. ಎಂಟು ಬೋಟುಗಳನ್ನು ಕೇಳಿದ ಅವಧಿಯಲ್ಲಿ ಕಟ್ಟುವಷ್ಟು ಜಾಗ, ಮರ, ಜನ ತಮ್ಮಲ್ಲಿಲ್ಲ. ಎಂಜಿನ್ನಿನ ಬೋಟು ಈವರೆಗೆ ಕಟ್ಟಿದ್ದು ಒಂದೇ ಆದ್ದರಿಂದ ಅನುಭವದ ಷರತ್ತನ್ನು ಪೂರೈಸಲಾರೆವು. ಆದಕಾರಣ ಈ ಸಲ ಟೆಂಡರು ಸಲ್ಲಿಸುತ್ತಿಲ್ಲ. ಮುಂದೆ ಒಂದೆರಡು ಬೋಟುಗಳ ಕೆಲಸವಾಗಲಿ, ರಿಪೇರಿಯಾಗಲಿ ಇದ್ದರೆ ಕರೆಯಬೇಕು, ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು. ನಕ್ಷೆಯನ್ನು ಮಡಿಸಿ ಜೊತೆಗಿಟ್ಟಳು. ಕೃಷ್ಣಾನಂದ ಓದದೆ ಸಹಿ ಹಾಕಿದ.

ಅಂಚೆಗೆ ಹಾಕುವ ಮೊದಲೇ ದೇವಪ್ಪ ಬಂದ. ಬೋಟು ಸಿಗಬೇಕಾಗಿದ್ದ ಸಂಘದ ಕಾರ್ಯದರ್ಶಿ ಅವನು. ಪ್ರಮಾಣಪತ್ರ ಈಗ ಬೇಡವೆಂದ ಸುದ್ದಿ ಈರನಿಂದ ತಿಳಿದು ಕುಮಟೆಯಿಂದ ಬಂದಿದ್ದ.

"ಸರೋಜಕ್ಕ, ಕೆಲಸ ನೀವು ತೆಕ್ಕಳಬೇಡಿ, ಆತು" ಎಂದ, ಜಗುಲಿಯಲ್ಲಿ ಕುಳಿತು ಬೆವರೊರೆಸಿಕೊಳ್ಳುತ್ತ. "ಆದ್ರೆ ಒಂದು ರೇಟು ಬರ್ದು ಹಾಕಿ. ಜಾಸ್ತಿ ಹಾಕಿ, ಯಾರೂ ಕೊಡದಷ್ಟು. ಕರ್ದದ್ದೇ ಮೂರು ಜನಕ್ಕೆ. ನೀವು ಹಿಂದೆ ಸರಿದ್ರೆ ಉಳಿಯೂದು ಎರಡು, ಸಾಲೂದಿಲ್ಲ ಹೇಳಿ ಮತ್ತೆ ಕರೀತ್ರು. ನಮ್ಮ ಜನಕ್ಕೆ ಒಂದು ಹಂಗಾಮು ಹೋಗ್ತದೆ."

ಕೃಷ್ಣಾನಂದ ಅತ್ತಿಗೆಯ ಮುಖ ನೋಡಿದ. ಇದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ.

"ಉಳಿದಿಬ್ಬರದ್ದೂ ಯಾವುದಾದ್ರೂ ಕಾರಣಕ್ಕೆ ಬಿದ್ಹೋದ್ರೆ?" ಎಂದಳು ಸರೋಜಾ. "ನಮ್ಮದೇ ಉಳಿದ್ರೆ? ಆಗ ಕಟ್ಟೂದಿಲ್ಲ ಹೇಳಿದ್ರೆ ಠೇವಣಿಯೂ ಹೋಗ್ತದೆ, ಹೆಸರೂ ಹೋಗ್ತದೆ. ಮತ್ತೆ ಆ ಪ್ರಮಾಣಪತ್ರ ಎಲ್ಲಿಂದ ತರೂದು ದೇವಪ್ಪಣ್ಣ?"

"ಅದೆಲ್ಲ ಆಗೂದಿಲ್ಲ."

"ಕಟ್ಟುವ ಮನಸ್ಸಿಲ್ಲದ ಕೆಲಸಕ್ಕೆ ಕಟ್ತೆ ಹೇಳಿ ಸಹಿ ಹಾಕೂಕೆ ನನ್ನಿಂದಾಗೂದಿಲ್ಲ."

"ಕಡಲಿಗೆ ಹೋಗೂದು ನೀವಲ್ಲ, ಅದಕ್ಕೆ" ಎಂದು ದೇವಪ್ಪ ಎದ್ದ. ಚಹಾ ಮುಟ್ಟಲಿಲ್ಲ.

ಅವನು ಹೇಳಿದಂತೆಯೇ ಆಯಿತು. ಎರಡೇ ಟೆಂಡರು ಬಂದವೆಂದು ಇಲಾಖೆ ಮತ್ತೆ ಕರೆಯಿತು. ಕೊನೆಗೆ ಕೆಲಸ ಮಲ್ಪೆಯ ಕಾರ್ಖಾನೆಯೊಂದಕ್ಕೆ ಹೋಗುವಷ್ಟರಲ್ಲಿ ಆ ಹಂಗಾಮು ಮುಗಿದೇಹೋಯಿತು. ಸರೋಜಾಳ ಕಾಗದಕ್ಕೆ ಎರಡು ಸಾಲಿನ ಉತ್ತರ ಬಂತು. ಪತ್ರ ತಲುಪಿದೆ, ಹೆಸರು ಪಟ್ಟಿಯಲ್ಲಿ ಮುಂದುವರಿಯುತ್ತದೆ. ಕುಮಟೆಯ ಪೇಟೆಯಲ್ಲಿ ಬಾಡದ ಜನ ಎದುರಾದರೆ ಕೆಲವರು ಮುಖ ತಿರುಗಿಸಿದರು. ಅವರು ಕಳೆದುಕೊಂಡದ್ದು ಒಂದು ವರ್ಷದ ಮೀನು. ಅದಕ್ಕೆ ತಾನು ಕಾರಣವಲ್ಲ ಎಂದು ಸರೋಜಾ ಯಾರ ಹತ್ತಿರವೂ ವಾದಿಸಲಿಲ್ಲ, ತನ್ನ ಹತ್ತಿರವೂ.

ದೀಪಾವಳಿ ಕಳೆದ ಮೇಲೆ ಕೃಷ್ಣಾನಂದ ಪೆಟ್ಟಿಗೆ ಕಟ್ಟಿದ. ಮಲ್ಪೆಯ ಆ ಕಾರ್ಖಾನೆಯಲ್ಲೇ ಕೆಲಸ ಕೇಳಿದ್ದ, ಕೊಟ್ಟಿದ್ದರು.

"ಸಿಟ್ಟಿನಿಂದ ಹೋಗ್ತೆಯ?" ಎಂದು ಕೇಳಿದಳು.

"ಸ್ವಲ್ಪ ಸಿಟ್ಟೂ ಉಂಟು" ಎಂದ ಅವನು. "ಕಲ್ತು ಬತ್ತೆ."

ಹೊಳೆ ದಾಟಿಸುವ ತರಿಯ ತನಕ ಅವಳು ಜೊತೆಗೆ ಹೋದಳು. ಆಚೆ ದಡದಿಂದ ಭಟ್ಕಳಕ್ಕೆ ಹೋಗಿ ಅಲ್ಲಿಂದ ಬೇರೆ ಬಸ್ಸು. ಅವನ ಉಳಿಯ ಗಂಟು ಭಾರವಾಗಿತ್ತು, ಭುಜ ಬದಲಿಸುತ್ತ ತರಿ ಹತ್ತಿದ.

ಬೇಸಿಗೆಯ ಕೊನೆಗೆ ಎಂಟು ದಿನದ ರಜೆ ಹಾಕಿ ಬಂದು ಈರನ ಬೋಟನ್ನು ದಡಕ್ಕೆ ಎಳೆಸಿದ. ಎಂಜಿನ್ನು ಎತ್ತಿ, ಕೆಳಗಿನ ಮರ ಕಿತ್ತು ಹೊಸದು ಹಾಕಿ, ತೆಳ್ಳಗಿನ ತಗಡಿನ ಎಲೆಗಳನ್ನು ಸಂದಿಗೆ ತೂರಿಸಿ ತೂರಿಸಿ ಶಾಫ್ಟನ್ನು ನೇರ ಮಾಡಿದ. ಕೂಲಿ ತೆಗೆದುಕೊಳ್ಳಲಿಲ್ಲ. ಕೆಲಸ ಮುಗಿದ ಮರುದಿನ ಮಲ್ಪೆಗೆ ಹೊರಟ. ಒಂದು ವರ್ಷ ಕಳೆದು ಅವನು ಅಲ್ಲಿಯದೇ ಹುಡುಗಿಯನ್ನು ಮದುವೆಯಾದ. ಹಬ್ಬಕ್ಕೆ ಬರುತ್ತಿದ್ದ, ಚಪ್ಪರಕ್ಕೆ ಹೋಗಿ ಹಲಗೆಗಳನ್ನು ಮುಟ್ಟಿ ನೋಡಿ, ಅದು ಹೀಗೆ, ಇದು ಹಾಗೆ ಎಂದು ಕೆಲಸದವರಿಗೆ ಹೇಳಿ ಹೋಗುತ್ತಿದ್ದ.

ನಡುವೆ ಒಮ್ಮೆ ಇಲಾಖೆಯಿಂದ ಎರಡು ಬೋಟಿಗೆ ಟೆಂಡರು ಬಂತು. ಅನುಭವ ಕೇಳಿದ್ದು ಎರಡರದು. ಚಪ್ಪರದವರ ಹತ್ತಿರ ಇದ್ದದ್ದು ಆಗಲೂ ಒಂದೇ. ಸರೋಜಾ ಮತ್ತೆ ಅದೇ ಉತ್ತರ ಬರೆದು, ಸಹಿಗೆ ಮಲ್ಪೆಗೆ ಕಳಿಸಿ, ತರಿಸಿಕೊಂಡು ಅಂಚೆಗೆ ಹಾಕಿದಳು.

ಸಂಘದ ಬೋಟುಗಳು ಬಂದು ಎರಡನೆಯ ಮಳೆಗಾಲ ಮುಗಿದಾಗ, ಒಂದು ಮಧ್ಯಾಹ್ನ ದೇವಪ್ಪ ಚಪ್ಪರದ ಮುಂದೆ ಬಂದು ನಿಂತ. ಹಿಂದೆ ಹೊಳೆಯಲ್ಲಿ ಹಗ್ಗ ಕಟ್ಟಿ ಎಳೆದು ತಂದ ಬೋಟೊಂದಿತ್ತು. ಬಂಡೆಗೆ ತಾಗಿ ಪಕ್ಕೆ ಒಡೆದಿತ್ತು.

"ಮಲ್ಪೆ ತನಕ ಎಳ್ಕೊಂಡು ಹೋಗೂಕೆ ಆಗೂದಿಲ್ಲ" ಎಂದ, ಎಲ್ಲೋ ನೋಡುತ್ತ.

ಸರೋಜಾ ದಡದ ಮೆಟ್ಟಿಲಿಳಿದು ಹೋಗಿ ಒಡೆದ ಜಾಗ ನೋಡಿದಳು. ಕೆಲಸದವರನ್ನು ಕರೆದು ತೋರಿಸಿದಳು. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಹಲಗೆ ಮಾತ್ರ ಹೋಗಿದೆ, ಎಂಜಿನ್ನಿನ ಕಡೆ ಪೆಟ್ಟಿಲ್ಲ ಎಂದರು.

"ಇದು ನಮ್ಮಿಂದಾಗ್ತದೆ ದೇವಪ್ಪಣ್ಣ" ಎಂದಳು. "ಭರತದ ನೀರು ಏರಿದಾಗ ಮೇಲೆ ಎಳೀವ. ಅಲ್ಲೀ ತನಕ ಕೂತ್ಕಳಿ."

ಅವನು ಮರದ ದಿಮ್ಮಿಯ ಮೇಲೆ ಕುಳಿತ. ಅವಳು ಚಹಾ ಕಳಿಸಿದಳು. ಹೊಳೆಯ ನೀರು ಇನ್ನೂ ಇಳಿಯುತ್ತಿತ್ತು, ಭರತಕ್ಕೆ ಬಹಳ ಹೊತ್ತಿತ್ತು.