ಸೊನ್ನೆ ಒಳಗಿತ್ತು

ಮನಶ್ಶಾಸ್ತ್ರ ವಿಭಾಗದ ಸಹಾಯಕ ಪ್ರಾಧ್ಯಾಪಕನೊಬ್ಬನಿಗೆ ಬೀಜಣ್ಣ ಎಂದು ಹೆಸರಿಟ್ಟವಳು ದಶಾಂಶಕ್ಕ. ಅವಳಿಗೆ ದಶಾಂಶಕ್ಕ ಎಂದು ಹೆಸರಿಟ್ಟವರು ಕಿರಿಯ ಸಂಶೋಧಕರು, ಅದೂ ಅವಳ ಬೆನ್ನ ಹಿಂದೆ. ಪಿಎಚ್‌.ಡಿ. ಇನ್ನೂ ಕೈಗೆ ಬಂದಿರಲಿಲ್ಲವಾದರೂ ಇಡೀ ವಿಭಾಗವನ್ನು ತಿದ್ದುವ ಗುತ್ತಿಗೆ ಹಿಡಿದವಳಂತೆ ಓಡಾಡುತ್ತಿದ್ದಳು. ಯಾರದೇ ಪ್ರಬಂಧ ಕೈಗೆ ಸಿಕ್ಕಲಿ, ಮುನ್ನುಡಿಯನ್ನೂ ನೋಡದೆ ನೇರ ಕೋಷ್ಟಕಕ್ಕೆ ಹೋಗಿ, ಅಂಕಿಯ ಕೊನೆಯಲ್ಲಿ ಒಂದು ತಪ್ಪು ಹೆಕ್ಕಿ, ತುಟಿಯ ಒಂದು ತುದಿಯನ್ನು ಮಾತ್ರ ಮೇಲೆತ್ತುತ್ತಿದ್ದಳು. ಬೈದರೆ ಎದುರು ಮಾತಾಡಬಹುದು, ಆ ತುಟಿಗೆ ಏನು ಉತ್ತರ ಕೊಡುವುದು?

ಬೀಜಣ್ಣ ಮಾತ್ರ ಆ ತುಟಿಗೆ ಪೂರ್ತಿ ಯೋಗ್ಯನೇ ಆಗಿದ್ದ. ಅವನ ಕಸುಬು ತಿಳಿಯಬೇಕಾದರೆ ದಶಾಂಶಕ್ಕ ತನ್ನ ಅಮ್ಮನಿಗೆ ಕೊಟ್ಟ ಪಾಠವನ್ನೇ ಇಲ್ಲಿ ಹೇಳಬೇಕು. ಮಗಳು ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕೂತು ಏನು ಕಡಿದು ಗುಡ್ಡೆ ಹಾಕುತ್ತಿದ್ದಾಳೆ ಎಂದು ಅಮ್ಮ ಒಂದು ಭಾನುವಾರ ಕೇಳಿದ್ದಳು. ಮಗಳ ಪಾಠ ಹೀಗಿತ್ತು: ಆಸ್ಪತ್ರೆಯಲ್ಲಿ ಮೇಲಿನವರು ನರ್ಸುಗಳನ್ನು ಹೀಯಾಳಿಸುತ್ತಾರೆ. ಹೀಯಾಳಿಕೆ ಹೆಚ್ಚಿದಲ್ಲಿ ಕೀಳರಿಮೆ ಎಷ್ಟು ಹೆಚ್ಚುತ್ತದೆ ಎಂಬುದು ಒಂದು ಅಂಕಿ. ಹೀಯಾಳಿಕೆ ಒಂದೇ ಮಟ್ಟದಲ್ಲಿದ್ದಾಗಲೂ, ಕೀಳರಿಮೆ ಹೆಚ್ಚಿದವರು ತಮ್ಮ ತಪ್ಪನ್ನು ಎಷ್ಟು ಹೆಚ್ಚು ಮುಚ್ಚಿಡುತ್ತಾರೆ ಎಂಬುದು ಇನ್ನೊಂದು. ಎರಡನ್ನೂ ಗುಣಿಸಿದರೆ ಕೀಳರಿಮೆಯ ಮೂಲಕ ಹಾದುಹೋಗುವ ಪರೋಕ್ಷ ಪರಿಣಾಮ ಸಿಗುತ್ತದೆ. ಆದರೆ ಆ ಗುಣಲಬ್ಧವನ್ನು ನಂಬಬಹುದೇ? ಅದಕ್ಕೇ ಬೂಟ್‌ಸ್ಟ್ರಾಪ್.

"ತರಬೇತಿಯ ಇನ್ನೂರ ಹದಿನಾಲ್ಕು ನರ್ಸುಗಳ ಚೀಟಿ ಒಂದು ಡಬ್ಬೀಲಿದೆ ಅಂದ್ಕೋ ಅಮ್ಮ. ಒಂದು ಚೀಟಿ ಎತ್ತಿ, ಬರ್ಕೊಂಡು, ವಾಪಸ್ ಹಾಕೋದು. ಹೀಗೆ ಇನ್ನೂರ ಹದಿನಾಲ್ಕು ಸಲ. ಒಬ್ಬಳು ಎರಡು ಮೂರು ಸಲ ಬರ್ತಾಳೆ, ಇನ್ನೊಬ್ಬಳು ಬರೋದೇ ಇಲ್ಲ. ಬಂದಷ್ಟರಲ್ಲಿ ಲೆಕ್ಕ ಹಾಕೋದು. ಇದನ್ನೇ ಐದು ಸಾವಿರ ಸಲ."

"ಅಷ್ಟು ಸಲ ಯಾಕೆ? ಮೊದಲನೇ ಸಲದ್ದರ ಮೇಲೆ ನಂಬಿಕೆ ಇಲ್ವಾ?"

ಇಲ್ಲ, ಅದೇ ವಿಷಯ ಎಂದು ಮಗಳು ಸಂತೋಷಪಟ್ಟಳು. ಬಂದ ಐದು ಸಾವಿರ ಉತ್ತರಗಳನ್ನು ಸಾಲಾಗಿ ನಿಲ್ಲಿಸಿ, ಎರಡು ತುದಿಗಳಲ್ಲಿ ಶೇಕಡಾ ಎರಡೂವರೆಯಷ್ಟನ್ನು ಬಿಟ್ಟರೆ ನಡುವೆ ಉಳಿಯುವುದೇ ವ್ಯಾಪ್ತಿ. ಅದು ಪೂರ್ತಿ ಸೊನ್ನೆಯ ಒಂದೇ ಕಡೆ ಇದ್ದರೆ ಪರಿಣಾಮ ಇದೆ ಎಂದು ಹೇಳಬಹುದು. ಸೊನ್ನೆ ಒಳಗೆ ಸಿಕ್ಕಿಕೊಂಡರೆ ಬಾಯಿ ಮುಚ್ಚಿಕೊಳ್ಳಬೇಕು.

ಬೀಜಣ್ಣನಿಗೆ ಬಾಯಿ ಮುಚ್ಚಿಕೊಂಡು ಗೊತ್ತಿರಲಿಲ್ಲ. ಕಂಪ್ಯೂಟರು ಚೀಟಿ ಎತ್ತಲು ಯಾವುದೋ ಒಂದು ಅಂಕಿಯಿಂದ ಆರಂಭಿಸಬೇಕು, ಅದನ್ನು ಬೀಜ ಎನ್ನುತ್ತಾರೆ. ಬೀಜ ಬದಲಾದರೆ ಚೀಟಿ ಬದಲು, ವ್ಯಾಪ್ತಿಯ ತುದಿ ಕೂದಲೆಳೆಯಷ್ಟು ಅತ್ತಿತ್ತ. ಇವನು ಬೇಕೆಂದೇ ಐನೂರೇ ಸಲ ಎತ್ತಿಸಿ, ಆ ಅಲುಗಾಟವನ್ನು ಹೆಚ್ಚಿಸಿಕೊಂಡು, ಸೊನ್ನೆ ಹೊರಗೆ ಹಾರುವವರೆಗೆ ಬೀಜ ಬದಲಿಸುತ್ತಿದ್ದ. ಹಾರಿದ ಕೂಡಲೇ ಆ ಬೀಜವನ್ನು ವರದಿಯಲ್ಲಿ ಭಕ್ತಿಯಿಂದ ಬರೆಯುತ್ತಿದ್ದ. ಐದು ಸಾವಿರ ಯಾಕೆ ಎತ್ತಿಸುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಜಾಸ್ತಿ ಕೇಳಿದರೆ ಕಂಪ್ಯೂಟರು ಹಠ ಮಾಡುತ್ತದೆ ಎಂದು ನಕ್ಕಿದ್ದನಂತೆ. ಈ ಕಥೆಯನ್ನು ದಶಾಂಶಕ್ಕ ಕ್ಯಾಂಟೀನಿನಲ್ಲಿ, ಮೆಟ್ಟಿಲ ಮೇಲೆ, ಝೆರಾಕ್ಸ್ ಅಂಗಡಿಯ ಸಾಲಿನಲ್ಲಿ ಹೇಳಿ ಹೇಳಿ ಪಳಗಿದ್ದಳು. ಅವನು ಎದುರು ಬಂದಾಗ ನಮಸ್ಕಾರ ಹೇಳುವ ರೀತಿಯಲ್ಲೂ ಅದನ್ನೇ ಹೇಳುತ್ತಿದ್ದಳು. ಅವನು ಮಾತ್ರ ನಗುತ್ತಲೇ ನಮಸ್ಕಾರ ಮರಳಿಸುತ್ತಿದ್ದ. ಅಂಥವರಿಗೆ ಅವಮಾನವೂ ಅಂಟುವುದಿಲ್ಲ ಎಂದು ಅವಳು ಅದಕ್ಕೂ ಮೂಗು ಮುರಿದಳು.

ಅವಳ ಪ್ರಬಂಧದಲ್ಲಿ ಮೂರು ಅಧ್ಯಯನಗಳು. ತುರ್ತು ಚಿಕಿತ್ಸೆಯ ನರ್ಸುಗಳು, ವಾರ್ಡಿನ ನರ್ಸುಗಳು, ತರಬೇತಿಯಲ್ಲಿರುವವರು. ಮೊದಲೆರಡರಲ್ಲಿ ಸೊನ್ನೆ ಮರ್ಯಾದೆಯಿಂದ ಹೊರಗೆ ನಿಂತಿತ್ತು. ಮೂರನೆಯದರಲ್ಲಿ ವ್ಯಾಪ್ತಿ ಮೈನಸ್ ಸೊನ್ನೆ ಬಿಂದು ಸೊನ್ನೆ ಸೊನ್ನೆ ಮೂರರಿಂದ ಶುರುವಾಗಿ ಸೊನ್ನೆ ಬಿಂದು ಒಂದು ಒಂದು ಎರಡಕ್ಕೆ ಮುಗಿದಿತ್ತು. ಸೊನ್ನೆ ಒಳಗಿತ್ತು. ಬಾಗಿಲ ಪಕ್ಕದಲ್ಲೇ, ಹೊರಡಲು ಚಪ್ಪಲಿ ಹುಡುಕುತ್ತಿರುವ ನೆಂಟನ ಹಾಗೆ, ಆದರೆ ಒಳಗೇ.

ಗೈಡ್ ಮೇಡಂ ಆ ಕೋಷ್ಟಕವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಡಬಾರದ ಮಾತನ್ನು ಆಡದೆಯೇ ದಾಟಿಸುವುದರಲ್ಲಿ ಆಕೆ ನಿಸ್ಸೀಮರು. ಮೂರೂ ಒಂದೇ ಮಾತು ಹೇಳಿದರೆ ಪ್ರಬಂಧಕ್ಕೆ ಬೆನ್ನೆಲುಬು ಇರುತ್ತದೆ ಎಂದರು. ಮಹಿಳಾ ಕಾಲೇಜಿನ ಉಪನ್ಯಾಸಕಿ ಹುದ್ದೆ ಇವಳಿಗೆಂದೇ ಕಾಯುತ್ತಿದೆ, ಈ ವರ್ಷದ ಕೊನೆಯೊಳಗೆ ಡಿಗ್ರಿ ಕೈಗೆ ಬರದಿದ್ದರೆ ಕಾಯುವುದಿಲ್ಲ ಎಂದೂ ನೆನಪಿಸಿದರು. ಕೊನೆಗೆ, "ನೀನೇ ಬುದ್ಧಿವಂತೆ, ನೋಡು" ಎಂದು ಫೈಲು ಮರಳಿಸಿದರು.

ಬುದ್ಧಿವಂತೆ ನೋಡಿದಳು. ಬೀಜವನ್ನು ಮಾತ್ರ ಮುಟ್ಟಲಿಲ್ಲ, ಪ್ರಾಣ ಹೋದರೂ ಮುಟ್ಟುತ್ತಿರಲಿಲ್ಲ. ಆದರೆ ತಂತ್ರಾಂಶದಲ್ಲಿ ಇನ್ನೊಂದು ಚೌಕವಿತ್ತು. ಅವಳು ಬಳಸಿದ್ದು ಸಾಲು ನಿಲ್ಲಿಸಿ ತುದಿ ಬಿಡುವ ಸಾದಾ ಶೇಕಡಾ ವಿಧಾನ. ಆ ಚೌಕ ಒತ್ತಿದರೆ ವಾಲಿಕೆ ಸರಿಪಡಿಸುವ ವಿಧಾನ: ಚೀಟಿ ಎತ್ತಿ ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲ ಉತ್ತರಕ್ಕಿಂತ ಕೆಳಗೆ ಬಿದ್ದಿದ್ದರೆ, ಅದು ಎರಡೂ ತುದಿಗಳನ್ನು ತುಸು ಮೇಲಕ್ಕೆ ಸರಿಸುತ್ತದೆ. ಪುಸ್ತಕಗಳಲ್ಲಿರುವ ವಿಧಾನವೇ. ಇರುವ ಪರಿಣಾಮವನ್ನು ಚೆನ್ನಾಗಿ ಹಿಡಿಯುತ್ತದೆ, ಇಲ್ಲದ್ದನ್ನೂ ಆಗಾಗ ಹಿಡಿದೆನೆಂದು ಕೂಗುತ್ತದೆ, ಎಂಬುದೂ ಪುಸ್ತಕಗಳಲ್ಲೇ ಇದೆ. ಅವಳು ಎರಡನೇ ವಾಕ್ಯವನ್ನು ಓದಿರಲಿಲ್ಲವೆಂದಲ್ಲ, ಕಿರಿಯರಿಗೆ ಪಾಠ ಮಾಡಿದ್ದಳು. ಚೌಕ ಒತ್ತಿದಳು. ವ್ಯಾಪ್ತಿ ಸೊನ್ನೆ ಬಿಂದು ಸೊನ್ನೆ ಸೊನ್ನೆ ಎರಡರಿಂದ ಶುರುವಾಯಿತು. ನೆಂಟ ಹೊರಟುಹೋದ. ಕೋಷ್ಟಕದ ಕೆಳಗೆ, ಇರುವೆ ಓದಬಹುದಾದ ಅಕ್ಷರದಲ್ಲಿ, ವಿಧಾನದ ಹೆಸರು ಬರೆದಳು. ಮುಚ್ಚಿಟ್ಟಿಲ್ಲವಲ್ಲ, ಬರೆದಿದ್ದೇನಲ್ಲ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡು, ಮರುದಿನ ಕ್ಯಾಂಟೀನಿನಲ್ಲಿ ಬೀಜಣ್ಣನ ಕಥೆಯನ್ನು ಎಂದಿಗಿಂತ ಚೆನ್ನಾಗಿ ಹೇಳಿದಳು.

ಮೌಖಿಕ ಪರೀಕ್ಷೆಯ ದಿನ ಸಭಾಕೊಠಡಿಯ ಫ್ಯಾನು ಸದ್ದು ಮಾಡುತ್ತಿತ್ತು. ಉದ್ದ ಮೇಜಿನ ತುದಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುವ ಸಣಕಲು ಮುದುಕರು. ದಶಾಂಶಕ್ಕ ಅವರನ್ನು ಒಮ್ಮೆ ನೋಡಿ, ಇವರು ಕೋಷ್ಟಕದವರೆಗೆ ಬರುವವರಲ್ಲ ಎಂದು ತೀರ್ಮಾನಿಸಿದ್ದಳು. ಗೋಡೆ ಪಕ್ಕದ ಕುರ್ಚಿಗಳಲ್ಲಿ ವಿಭಾಗದವರು, ಅವರಲ್ಲಿ ಬೀಜಣ್ಣ. ಕೊನೆಯ ಸಾಲಿನಲ್ಲಿ ಅಮ್ಮ, ಪರ್ಸನ್ನು ಎರಡೂ ಕೈಯಲ್ಲಿ ಹಿಡಿದು.

ಮುದುಕರು ಮುನ್ನುಡಿಯನ್ನು ಹೊಗಳಿದರು. ಒಂದೇ ಸಲ ಪ್ರಶ್ನಾವಳಿ ತುಂಬಿಸಿ 'ಕಾರಣ' ಎಂಬ ಮಾತು ಆಡುವುದು ಸ್ವಲ್ಪ ದುಡುಕು ಎಂದರು, ಅವಳು ಒಪ್ಪಿಕೊಂಡಳು. ಆಮೇಲೆ ಬೆರಳಿನ ಪುಡಿ ಒರೆಸಿಕೊಂಡು ಮೂರನೇ ಅಧ್ಯಯನದ ಕೋಷ್ಟಕ ತೆರೆದರು.

"ಮೊದಲೆರಡು ಕಡೆ ಶೇಕಡಾ ವಿಧಾನ. ಇಲ್ಲಿ ಮಾತ್ರ ಬೇರೆ. ಯಾಕಮ್ಮ?"

ಗೈಡ್ ಮೇಡಂ ತಮ್ಮ ಪೆನ್ನಿನ ಮುಚ್ಚಳವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ದಶಾಂಶಕ್ಕ ತನ್ನ ಪ್ರತಿಯಲ್ಲಿ ಅದೇ ಪುಟ ಹುಡುಕತೊಡಗಿದಳು. ಅಷ್ಟರಲ್ಲಿ ಗೋಡೆ ಕಡೆಯಿಂದ ಬೀಜಣ್ಣ ಎದ್ದು, ಅಪ್ಪಣೆ ಕೇಳಿ, ಉತ್ತರ ಕೊಡಲಾರಂಭಿಸಿದ. ಗುಣಲಬ್ಧ ಸಾಮಾನ್ಯವಾಗಿ ಒಂದು ಕಡೆಗೆ ವಾಲಿರುತ್ತದೆ, ಮೂರನೇ ಗುಂಪಿನಲ್ಲಿ ಆ ವಾಲಿಕೆ ಹೆಚ್ಚು ಕಂಡಿರಬಹುದು, ಅಂಥಲ್ಲಿ ಸರಿಪಡಿಸುವ ವಿಧಾನ ಬಳಸುವುದು ವಿವೇಕ, ಸಂಶೋಧಕಿ ವಿನಯದಿಂದ ವಿವರಿಸಿಲ್ಲ ಅಷ್ಟೆ ಎಂದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೇಳಿದ. ಮುದುಕರು ತಲೆದೂಗಿದರು. ಹಾಳೆ ಮಗುಚಲು ಬೆರಳು ಎತ್ತಿದರು.

ಕೂರುವ ಮೊದಲು ಬೀಜಣ್ಣ ಅವಳತ್ತ ತಿರುಗಿ ಸಣ್ಣಗೆ ಕಣ್ಣು ಮಿಟುಕಿಸಿದ. ಅದರಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಅವಳು ಸಹಿಸುತ್ತಿದ್ದಳು. ಒಂದೇ ಅಂಗಡಿಯಲ್ಲಿ ಕೆಲಸ ಮಾಡುವವರು ಒಬ್ಬರಿಗೊಬ್ಬರು ಮಿಟುಕಿಸುವ ಬಗೆ ಅದು. ಇಷ್ಟು ವರ್ಷ ಉಗಿದ ಎಂಜಲನ್ನೆಲ್ಲ ಒರೆಸಿಕೊಂಡು, ನೀನೂ ನಮ್ಮವಳೇ ಬಿಡು ಎಂದು ಅವನು ಜಾಗ ಮಾಡಿಕೊಟ್ಟಿದ್ದ. ಆ ಜಾಗದಲ್ಲಿ ಕೂರುವುದಕ್ಕಿಂತ ಕಿಟಕಿಯಿಂದ ಹಾರುವುದು ಮೇಲು ಎನ್ನಿಸಿತು ಅವಳಿಗೆ. ಮುಂದೆ ಅವಳು ಆಡಿದ ಮಾತನ್ನು ಕೆಲವರು ಸತ್ಯನಿಷ್ಠೆ ಎಂದು ಹೊಗಳಿದ್ದಾರೆ. ಸತ್ಯದ ಮೇಲೆ ಅವಳಿಗೆ ಆ ಹೊತ್ತು ಯಾವ ಮೋಹವೂ ಇರಲಿಲ್ಲ. ಇದ್ದದ್ದು ಬೀಜಣ್ಣನ ಮೇಲಿನ ಅಸಹ್ಯ ಮಾತ್ರ.

"ಅವರು ಹೇಳಿದ್ದು ಕಾರಣ ಅಲ್ಲ ಸರ್," ಎಂದಳು. "ಮೊದಲು ಶೇಕಡಾ ವಿಧಾನದಲ್ಲೇ ಮಾಡಿದ್ದೆ. ಸೊನ್ನೆ ಒಳಗಿತ್ತು. ಅದಕ್ಕೇ ವಿಧಾನ ಬದಲಾಯಿಸಿದೆ."

ಗೈಡ್ ಮೇಡಂ ಕೈಯಿಂದ ಮುಚ್ಚಳ ಜಾರಿ ಮೇಜಿನ ಕೆಳಗೆ ಉರುಳಿತು, ಹೆಕ್ಕಲು ಯಾರೂ ಬಗ್ಗಲಿಲ್ಲ. ಮುದುಕರು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ತರಬೇತಿಯ ಹುಡುಗಿಯರ ವಿಷಯದಲ್ಲಿ ನಿಮ್ಮ ಫಲಿತಾಂಶ ಏನು? ಕೊನೇ ಸಾಲಿನಲ್ಲಿರೋರಿಗೂ ಅರ್ಥ ಆಗೋ ಹಾಗೆ ಹೇಳಿ."

"ಕೀಳರಿಮೆಯ ದಾರಿ ಇಲ್ಲ ಅಂತ ನಾನು ಹೇಳೋಕಾಗಲ್ಲ. ಇದೆ ಅಂತಾನೂ ಹೇಳೋಕಾಗಲ್ಲ. ಈ ಇನ್ನೂರ ಹದಿನಾಲ್ಕು ಜನರಿಂದ ನನಗೆ ಗೊತ್ತಾಗಲಿಲ್ಲ."

ಇಡೀ ಪ್ರಬಂಧದಲ್ಲಿ ಇಷ್ಟು ಸ್ಪಷ್ಟ ವಾಕ್ಯ ಒಂದೂ ಇಲ್ಲವಲ್ಲ ಎಂದು ಮುದುಕರು ಸಪ್ಪೆಯಾಗಿ ಹೇಳಿ, ವರದಿಯಲ್ಲಿ ಬರೆದರು: ಮೂರನೇ ಅಧ್ಯಯನವನ್ನೂ ಕೊನೆಯ ಅಧ್ಯಾಯವನ್ನೂ ಹೊಸದಾಗಿ ಬರೆದು, ಎರಡೂ ವಿಧಾನಗಳ ವ್ಯಾಪ್ತಿಗಳನ್ನು ಕೊಟ್ಟು, ಆರು ತಿಂಗಳೊಳಗೆ ಮರುಸಲ್ಲಿಕೆ. ಆ ಆರು ತಿಂಗಳಲ್ಲಿ ಮಹಿಳಾ ಕಾಲೇಜಿನ ಹುದ್ದೆ ಯಾರ ಪಾಲಾಗುತ್ತದೆ ಎಂಬುದಕ್ಕೆ ಬೂಟ್‌ಸ್ಟ್ರಾಪ್ ಬೇಕಿರಲಿಲ್ಲ. ಗೈಡ್ ಮೇಡಂ ಅವಳ ಮುಖ ನೋಡದೆ ಹೊರಟರು. ಅಮ್ಮ, ಪಾಸೋ ಫೇಲೋ ಎಂದು ಪಕ್ಕದ ಕುರ್ಚಿಯವರನ್ನು ಮೆಲ್ಲಗೆ ಕೇಳುತ್ತಿದ್ದಳು.

ಕಾರಿಡಾರಿನಲ್ಲಿ ಬೀಜಣ್ಣ ನಿಂತಿದ್ದ. ಅವನ ಮುಖದಲ್ಲಿ ಸದಾ ಇರುತ್ತಿದ್ದ ನಗು ಅಂದು ಇರಲಿಲ್ಲ.

"ಸುಮ್ನಿದ್ದಿದ್ರೆ ಆಗ್ತಿತ್ತು. ಮುಗಿದೇ ಹೋಗಿತ್ತು," ಎಂದ.

ಅಷ್ಟು ಹೇಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬುದ್ಧಿ ಇದ್ದೂ ಬಳಸಲು ಬಾರದವರನ್ನು ನೋಡುವ ನೋಟ. ತುಟಿಯ ಒಂದು ತುದಿ ಮಾತ್ರ ಮೇಲೆದ್ದಿತ್ತು. ಅದಕ್ಕೆ ಏನು ಉತ್ತರ ಕೊಡಬೇಕೆಂದು ದಶಾಂಶಕ್ಕನಿಗೆ ತಿಳಿಯಲಿಲ್ಲ. ತಲೆ ತಗ್ಗಿಸಿ, ಅವನು ದಾಟಿ ಹೋಗಲು ಗೋಡೆಗೆ ಸರಿದು ದಾರಿ ಬಿಟ್ಟಳು.